ರಷ್ಯನ್ ಪುಟಕ್ಕೆ ಯಾವ ಫಾಂಟ್? ಮೊದಲು ಇಟಾಲಿಕ್ ತೆರೆದು ನೋಡಿ

ಕಿರ್ಗಿಸ್ತಾನದ ಬಿಷ್ಕೆಕ್‌ಗೂ ರಷ್ಯಾದ ಊರುಗಳಿಗೂ ವೈದ್ಯಕೀಯ ಓದಲು ಹೋಗುವ ನಮ್ಮ ಮಕ್ಕಳಿಗಾಗಿ ಒಂದು ಕನ್ನಡ–ರಷ್ಯನ್ ಕೈಪಿಡಿಯ ಪುಟ ಜೋಡಿಸುವ ಕೆಲಸ ನನಗೆ ಬಂದಿತ್ತು. ಒಟ್ಟು 64 ಪುಟ. ರಷ್ಯನ್ ಪದ ನೇರ ಅಕ್ಷರದಲ್ಲಿ, ಅದರ ಕೆಳಗೆ ಬಳಕೆಯ ವಾಕ್ಯ ಇಟಾಲಿಕ್‌ನಲ್ಲಿ, ಪಕ್ಕದಲ್ಲಿ ಕನ್ನಡದ ವಿವರಣೆ. ಮೊದಲ ಪ್ರೂಫನ್ನು ಅಲ್ಲಿಯೇ ಆರು ವರ್ಷ ಓದಿ ಬಂದ ಒಬ್ಬ ಡಾಕ್ಟರಿಗೆ ಕೊಟ್ಟೆ. ಅವರು ಎರಡು ಪುಟ ತಿರುವಿ ನಿಲ್ಲಿಸಿದರು.

"ಸರ್, ಇದು ಇಟಾಲಿಕ್ ಅಲ್ಲ. ನೇರ ಅಕ್ಷರವನ್ನೇ ಹಿಡಿದು ಓರೆ ಮಾಡಿದ್ದೀರಿ. ಆಸ್ಪತ್ರೆಯಲ್ಲಿ ಕೇಸ್ ಶೀಟ್ ಮೇಲೆ ಬರೆಯೋದು ಹೀಗಲ್ಲ," ಎಂದು ಪ್ರೂಫಿನ ಅಂಚಿನಲ್ಲೇ ಪೆನ್ನು ಹಿಡಿದು температура ಎಂಬ ಪದವನ್ನು ಕೂಡುಬರಹದಲ್ಲಿ ಬರೆದು ತೋರಿಸಿದರು. ಮೊದಲ ಅಕ್ಷರ ಇಂಗ್ಲಿಷಿನ m ಆಗಿತ್ತು, ನಾಲ್ಕನೆಯದು n. ನಾನು ಜೋಡಿಸಿದ ಪುಟದಲ್ಲಿ ಆ ಎರಡೂ ಕಡೆ ಗಟ್ಟಿಯಾದ т ಮತ್ತು п, ಗಾಳಿಗೆ ವಾಲಿದ ಕಂಬದ ಹಾಗೆ ನಿಂತಿದ್ದವು.

ಆ ಕೈಪಿಡಿಯ ನಂತರ ಇದೇ ಪ್ರಶ್ನೆ ಹಿಡಿದುಕೊಂಡು ನನ್ನ ಹತ್ತಿರ ಬಂದವರು ಹಲವರು. ಅನುವಾದದಲ್ಲಿ ರಷ್ಯನ್ ಸಾಲುಗಳನ್ನು ಮೂಲದಲ್ಲೇ ಕೊಡಬೇಕೆನ್ನುವವರು, ಭಾಷೆ ಕಲಿಸುವ ಜಾಲತಾಣ ಮಾಡುವವರು, ಪ್ರವಾಸದ ಪುಸ್ತಕ ಮಾಡುವವರು. ಪಟ್ಟಿಯಲ್ಲಿ ಹತ್ತಾರು ಫಾಂಟ್ ಕಾಣುತ್ತವೆ, ಎಲ್ಲವೂ 'ಸಿರಿಲಿಕ್ ಇದೆ' ಎನ್ನುತ್ತವೆ, ಅಂದರೆ ರಷ್ಯನ್ ಬರೆಯುವ ಲಿಪಿ ಇದೆ ಎಂದು. ಯಾವುದನ್ನು ತೆಗೆದುಕೊಳ್ಳುವುದು? ನಾನು ನೋಡುವ ಕ್ರಮ ಇದು.

ಯಾವುದನ್ನು ಅಳೆಯಬೇಕು

ಕನ್ನಡದಲ್ಲಿ ಕೆಲಸ ಮಾಡುವ ನಮಗೆ ಇಟಾಲಿಕ್ ಎಂದರೆ ಒಂದು ಗುಂಡಿ. ಒತ್ತಿದರೆ ಅಕ್ಷರ ಬಲಕ್ಕೆ ವಾಲುತ್ತದೆ, ಅಷ್ಟೇ. ನಮ್ಮ ಅಚ್ಚಿನ ಪರಂಪರೆಯಲ್ಲಿ ಓರೆ ಅಕ್ಷರಕ್ಕೆ ಬೇರೆ ರೂಪವೇ ಇಲ್ಲದ್ದರಿಂದ ಆ ಗುಂಡಿ ಏನು ಮಾಡುತ್ತದೆ ಎಂದು ನಾವು ಯೋಚಿಸುವುದೂ ಇಲ್ಲ. ಸಿರಿಲಿಕ್‌ನಲ್ಲಿ ಸಂಗತಿ ಬೇರೆ. 1708ರಲ್ಲಿ ಪೀಟರ್ ದೊರೆ ತಂದ ಹೊಸ ಅಚ್ಚಿನ ಅಕ್ಷರಗಳ ನಂತರ ನೇರ ಅಕ್ಷರಗಳು ಲ್ಯಾಟಿನ್ ಅಚ್ಚಿನ ಮಾದರಿಗೆ ಹೊಂದಿಕೊಂಡವು. ಇವತ್ತಿಗೂ ರಷ್ಯನ್ನಿನ ಸಣ್ಣಕ್ಷರಗಳಲ್ಲಿ ಹೆಚ್ಚಿನವು ದೊಡ್ಡಕ್ಷರವನ್ನೇ ಕುಗ್ಗಿಸಿದ ಹಾಗಿವೆ. ಇಟಾಲಿಕ್ ಮಾತ್ರ ಕೈಬರಹದ ರೂಪವನ್ನು ಉಳಿಸಿಕೊಂಡಿತು. ಹಾಗಾಗಿ ಒಂದೇ ಅಕ್ಷರಕ್ಕೆ ನೇರದಲ್ಲೊಂದು ಆಕಾರ, ಇಟಾಲಿಕ್‌ನಲ್ಲಿ ಇನ್ನೊಂದು ಆಕಾರ. т ಎಂಬುದು m ಆಗುತ್ತದೆ, п ಎಂಬುದು n, и ಎಂಬುದು u. г ತಿರುಗಿಸಿಟ್ಟ s ಹಾಗೆ ಬಳುಕುತ್ತದೆ. д ಕೆಲವು ಫಾಂಟ್‌ಗಳಲ್ಲಿ ತಲೆಯ ಮೇಲೆ ಬಾಲ ಬಾಗಿಸಿದ ∂ ಆಗುತ್ತದೆ, ಕೆಲವದರಲ್ಲಿ g. ದೊಡ್ಡಕ್ಷರಗಳು ಮಾತ್ರ ವಾಲುತ್ತವೆಯೇ ಹೊರತು ಆಕಾರ ಬದಲಿಸುವುದಿಲ್ಲ.

ನನ್ನ ಮೊದಲ ಅಳತೆ ಇದೇ. ಎರಡು ಪದ ಬರೆದುಕೊಳ್ಳಿ: температура ಮತ್ತು диагноз. ಒಂದರಲ್ಲಿ т, п ಇವೆ, ಇನ್ನೊಂದರಲ್ಲಿ д, и, г ಇವೆ. ಎರಡನ್ನೂ ನೇರದಲ್ಲೊಮ್ಮೆ, ಇಟಾಲಿಕ್‌ನಲ್ಲೊಮ್ಮೆ ಇಡಿ. ಇಟಾಲಿಕ್ ಸಾಲಿನಲ್ಲಿ т ಇನ್ನೂ ತಲೆಯ ಮೇಲೆ ಅಡ್ಡಗೆರೆ ಹೊತ್ತು ನಿಂತಿದ್ದರೆ ಅದು ನಿಜವಾದ ಇಟಾಲಿಕ್ ಅಲ್ಲ, ವಾಲಿಸಿದ ನೇರ ಅಕ್ಷರ. ಅರ್ಧ ನಿಮಿಷದ ಕೆಲಸ. ಇದನ್ನು ಮಾಡದೆ ಯಾವ ಫಾಂಟನ್ನೂ ಒಪ್ಪಬೇಡಿ.

ಎರಡನೆಯ ಅಳತೆ, ನಿಮಗೆ ಬೇಕಾದ ಭಾಷೆಯ ಎಲ್ಲ ಅಕ್ಷರಗಳೂ ಇವೆಯೇ ಎಂಬುದು. 'ಸಿರಿಲಿಕ್ ಇದೆ' ಎಂದರೆ ಬಹಳ ಸಲ ರಷ್ಯನ್ನಿನ 33 ಅಕ್ಷರಗಳು ಇವೆ ಎಂದಷ್ಟೇ ಅರ್ಥ. ಕಿರ್ಗಿಜ್ ಭಾಷೆಗೆ ಅದರ ಮೇಲೆ ң, ө, ү ಎಂಬ ಮೂರು ಬೇಕು. ಉಕ್ರೇನಿಯನ್‌ಗೆ ґ, є, і, ї ಬೇಕು. ಕಝಕ್‌ಗೆ ಇನ್ನೂ ಹೆಚ್ಚು: ә, ғ, қ, ұ, һ ಕೂಡ. ಒಂದು ಅಕ್ಷರ ಇಲ್ಲದಿದ್ದರೆ ಕಂಪ್ಯೂಟರ್ ಸುಮ್ಮನೆ ಬೇರೆ ಫಾಂಟಿನಿಂದ ಅದೊಂದನ್ನು ತಂದು ಹಾಕುತ್ತದೆ. ಪದದ ನಡುವೆ ಒಂದಕ್ಷರ ಮಾತ್ರ ಸ್ವಲ್ಪ ದಪ್ಪವಾಗಿ, ಸ್ವಲ್ಪ ಅಗಲವಾಗಿ ಕಂಡರೆ ಕಾರಣ ಇದೇ.

ಮೂರನೆಯದನ್ನು ಭಾಷೆ ಕಲಿಸುವ ಪುಸ್ತಕ ಮಾಡುವವರು ಬಿಡಲೇಬಾರದು: ಒತ್ತಿನ ಗುರುತು. ರಷ್ಯನ್ನಿನಲ್ಲಿ ಯಾವ ಸ್ವರದ ಮೇಲೆ ಒತ್ತು ಬೀಳುತ್ತದೆ ಎಂಬುದರ ಮೇಲೆ ಅರ್ಥವೇ ಬದಲಾಗುತ್ತದೆ. му́ка ಎಂದರೆ ಯಾತನೆ, мука́ ಎಂದರೆ ಹಿಟ್ಟು. ಸಾಮಾನ್ಯ ಪುಸ್ತಕದಲ್ಲಿ ಈ ಗುರುತು ಹಾಕುವುದಿಲ್ಲ, ಕಲಿಯುವವರ ಪುಸ್ತಕದಲ್ಲಿ ಪ್ರತಿ ಪದಕ್ಕೂ ಹಾಕುತ್ತಾರೆ. ಇದು ಸ್ವರದ ನಂತರ ಟೈಪ್ ಮಾಡುವ ಪ್ರತ್ಯೇಕ ಚಿಹ್ನೆ, ಸಂಕೇತ U+0301. ಅದು ಅಕ್ಷರದ ನೆತ್ತಿಯ ಮೇಲೆ ಸರಿಯಾಗಿ ಕೂರಬೇಕಾದರೆ, ಯಾವ ಅಕ್ಷರದ ಮೇಲೆ ಎಲ್ಲಿ ಕೂರಬೇಕೆಂದು ಫಾಂಟ್ ಮಾಡಿದವರು ಮೊದಲೇ ಗುರುತಿಸಿಟ್ಟಿರಬೇಕು. ಹಾಗೆ ಮಾಡದ ಫಾಂಟಿನಲ್ಲಿ ಗುರುತು ಬಲಕ್ಕೆ ಜಾರಿ ಮುಂದಿನ ಅಕ್ಷರದ ಮೇಲೆ ಬೀಳುತ್ತದೆ. ಇಟಾಲಿಕ್‌ನಲ್ಲಿ ಅಕ್ಷರ ವಾಲಿರುವುದರಿಂದ ಈ ತಪ್ಪು ಹೆಚ್ಚು. ನೇರದಲ್ಲಿ ಸರಿಯಾಗಿ ಕೂತ ಗುರುತು ಇಟಾಲಿಕ್‌ನಲ್ಲಿ ಜಾರಿದ್ದನ್ನು ನಾನು ಕಂಡಿದ್ದೇನೆ. ಪರೀಕ್ಷೆಗೆ и́, ы́, ю́, я́ ಸಾಕು. ಅದರಲ್ಲೂ ю, ы ಅಗಲವಾದ ಅಕ್ಷರಗಳು, ತಪ್ಪಿದ್ದರೆ ಅಲ್ಲೇ ಕಾಣುತ್ತದೆ.

ನಾಲ್ಕನೆಯದು ಸರ್ಬಿಯನ್, ಮ್ಯಾಸಿಡೋನಿಯನ್, ಬಲ್ಗೇರಿಯನ್ ಅಚ್ಚು ಮಾಡುವವರಿಗೆ ಮಾತ್ರ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ. ಐದನೆಯದು ಖರ್ಚು ಮತ್ತು ಪರವಾನಗಿ, ಅದು ಆಯಾ ಫಾಂಟಿನ ಜೊತೆಗೇ ಬರಲಿ.

ಕಂಪ್ಯೂಟರಿನಲ್ಲಿ ಆಗಲೇ ಇರುವವು

ಹೆಚ್ಚಿನವರು ಇಲ್ಲಿಂದಲೇ ಶುರು ಮಾಡುತ್ತಾರೆ, ಅದರಲ್ಲಿ ತಪ್ಪಿಲ್ಲ. ಟೈಮ್ಸ್ ನ್ಯೂ ರೋಮನ್, ಜಾರ್ಜಿಯಾ, ಕ್ಯಾಂಬ್ರಿಯಾ ಈ ಮೂರಕ್ಕೂ ನಿಜವಾದ ಸಿರಿಲಿಕ್ ಇಟಾಲಿಕ್ ಇದೆ. ಮೇಲಿನ ಎರಡು ಪದ ಹಾಕಿದರೆ m, n, u ರೂಪಗಳು ಕಾಣುತ್ತವೆ. ಮನೆಪಾಠದ ಹಾಳೆ, ಕಚೇರಿಯ ಪತ್ರ, ನಾಲ್ಕಾರು ರಷ್ಯನ್ ಪದ ಬರುವ ಲೇಖನ, ಇಂಥದಕ್ಕೆ ಬೇರೆ ಹುಡುಕುವ ಅಗತ್ಯವೇ ಇಲ್ಲ. ಜಾರ್ಜಿಯಾದ ಅಕ್ಷರ ಪರದೆಯ ಮೇಲೆ ಸ್ಪಷ್ಟ, ಸಣ್ಣ ಅಳತೆಯಲ್ಲೂ ಓದಲು ಹಿತ.

ಏರಿಯಲ್ ಬೇರೆ ಜಾತಿ. ಅದರ ಇಟಾಲಿಕ್‌ನಲ್ಲಿ т ಹಾಗೇ т ಆಗಿ ವಾಲುತ್ತದೆ. ಇದು ದೋಷವಲ್ಲ. ಗೆರೆತುದಿಯಿಲ್ಲದ ಸಾನ್ಸ್ ಅಕ್ಷರಗಳಲ್ಲಿ ವಾಲಿಸಿದ ರೂಪವನ್ನೇ ಇಟಾಲಿಕ್ ಎಂದು ಬಳಸುವ ಪದ್ಧತಿ ಉಂಟು, ರಷ್ಯನ್ ಓದುಗರಿಗೂ ಅದು ರೂಢಿ. ರೊಬೋಟೊ ಕೂಡ ಇದೇ ದಾರಿ ಹಿಡಿದದ್ದು. ಸೂಚನಾಫಲಕಕ್ಕೆ, ಆ್ಯಪ್‌ಗೆ ಇದು ಸಾಕು. ಆದರೆ ಕಲಿಯುವವರ ಕೈಗೆ ಕೊಡುವ ಪುಸ್ತಕಕ್ಕೆ ನಾನು ಇದನ್ನು ಕೊಡುವುದಿಲ್ಲ. ಅಚ್ಚಿನ ಇಟಾಲಿಕ್ ನೋಡಿ ಅಭ್ಯಾಸವಾದವರಿಗೆ ಮುಂದೆ ಕೈಬರಹ ಓದುವುದು ಸುಲಭ. ವಾಲಿಸಿದ ಅಕ್ಷರ ನೋಡಿಯೇ ಬೆಳೆದವರು ಮೊದಲ ದಿನ ವಾರ್ಡಿನಲ್ಲಿ ಕೇಸ್ ಶೀಟ್ ಮುಂದೆ ತಡವರಿಸುತ್ತಾರೆ. ನಮ್ಮ ಡಾಕ್ಟರು ಹೇಳಿದ್ದೂ ಇದನ್ನೇ. ಅಲ್ಲಿ ಕೈಯಲ್ಲಿ ಬರೆಯುವಾಗ т ಮೇಲೊಂದು, ш ಕೆಳಗೊಂದು ಗೆರೆ ಎಳೆಯುವವರಿದ್ದಾರಂತೆ. ಎರಡೂ ಮೂರು ಕಾಲಿನ ಅಕ್ಷರಗಳಾಗಿ ಗೊಂದಲವಾಗಬಾರದು ಎಂದು.

ಕಂಪ್ಯೂಟರಿನ ಫಾಂಟುಗಳ ಮಿತಿ ಇರುವುದು ಪರವಾನಗಿಯಲ್ಲಿ. ಅಚ್ಚಿಗೆ ಮತ್ತು ಪಿಡಿಎಫ್‌ಗೆ ಬಳಸಬಹುದು, ಫೈಲನ್ನೇ ಜಾಲತಾಣಕ್ಕೆ ಏರಿಸಿ ಹಂಚುವಂತಿಲ್ಲ. ಇನ್ನೊಂದು ತೊಂದರೆ, ನಿಮ್ಮ ಕಂಪ್ಯೂಟರಿನಲ್ಲಿರುವ ಕ್ಯಾಂಬ್ರಿಯಾ ಪ್ರೆಸ್ಸಿನವರ ಕಂಪ್ಯೂಟರಿನಲ್ಲಿ ಇರಲೇಬೇಕೆಂದಿಲ್ಲ. ಪಿಡಿಎಫ್ ಮಾಡಿಯೇ ಕಳಿಸಿ.

ಪಿಟಿ ಸೆರಿಫ್ ಮತ್ತು ಅದರ ಬಳಗ

ಸಿರಿಲಿಕ್ಕನ್ನೇ ಮನೆಮಾತಾಗಿ ಹುಟ್ಟಿದ ಫಾಂಟ್ ಬೇಕೆಂದರೆ ನಾನು ಮೊದಲು ಹೇಳುವ ಹೆಸರು ಇದು. ರಷ್ಯಾದ ಪ್ಯಾರಾಟೈಪ್ ಸಂಸ್ಥೆಯಲ್ಲಿ ಅಲೆಕ್ಸಾಂಡ್ರಾ ಕೊರೊಲ್ಕೊವಾ, ಓಲ್ಗಾ ಉಂಪೆಲೆವಾ, ವ್ಲಾದಿಮಿರ್ ಯೆಫಿಮೊವ್ ಸೇರಿ ಮಾಡಿದ್ದು. ಪಿಟಿ ಸಾನ್ಸ್ 2009ರಲ್ಲಿ, ಪಿಟಿ ಸೆರಿಫ್ 2010ರಲ್ಲಿ ಬಂತು. ರಷ್ಯಾ ಒಕ್ಕೂಟದ ಭಾಷೆಗಳ ಜನ ತಮ್ಮ ಭಾಷೆಯನ್ನು ಖರ್ಚಿಲ್ಲದೆ ಅಚ್ಚು ಮಾಡಿಕೊಳ್ಳಲಿ ಎಂಬ ಯೋಜನೆಯಿಂದ ಬಂದ ಅಕ್ಷರಗಳಿವು, ಆದ್ದರಿಂದ ರಷ್ಯನ್ ಹೊರತಾದ ಅಕ್ಷರಗಳನ್ನೂ ಜೊತೆಗೇ ಬರೆದಿದ್ದಾರೆ. ಕಿರ್ಗಿಜ್‌ಗೆ ಬೇಕಾದ ң, ө, ү ಟಾಟರ್ ಭಾಷೆಗೂ ಬೇಕಾದವು, ಹಾಗಾಗಿ ಇದರಲ್ಲಿ ಸಿಗುತ್ತವೆ.

ಅಕ್ಷರ ಸ್ವಲ್ಪ ದೊಡ್ಡದಾಗಿ ಕಾಣುತ್ತದೆ. ಕನ್ನಡದ ಜೊತೆ ಒಂದೇ ಪಾಯಿಂಟಿನಲ್ಲಿ ಇಟ್ಟರೆ ರಷ್ಯನ್ ಸಾಲು ಕನ್ನಡದ ಮೇಲೆ ಸವಾರಿ ಮಾಡುತ್ತದೆ. ರಷ್ಯನ್ನಿನಲ್ಲಿ ಮೇಲೆ ಕೆಳಗೆ ಚಾಚುವ ಅಕ್ಷರಗಳು ಕಡಿಮೆಯಾದ್ದರಿಂದ ಸಾಲು ಇಟ್ಟಿಗೆ ಜೋಡಿಸಿದಂತೆ ಒಂದೇ ಎತ್ತರದಲ್ಲಿ ಸಾಗುತ್ತದೆ, ಅದೂ ಒಂದು ಕಾರಣ. ಕೈಪಿಡಿಯಲ್ಲಿ ಕನ್ನಡ 12 ಪಾಯಿಂಟ್ ಇಟ್ಟು ರಷ್ಯನ್ನನ್ನು 10.5ಕ್ಕೆ ಇಳಿಸಿದ ಮೇಲೆ ಎರಡೂ ಸಮಕ್ಕೆ ಬಂದವು. ನಿಮ್ಮ ಕನ್ನಡ ಫಾಂಟ್ ಬೇರೆಯಾದರೆ ಅಂಕಿಯೂ ಬೇರೆ, ಕಣ್ಣಿನಲ್ಲೇ ಅಳೆಯಬೇಕು.

ಕೊರತೆ ಎಂದರೆ ತೂಕಗಳು. ಸಾಧಾರಣ, ದಪ್ಪ, ಎರಡರ ಇಟಾಲಿಕ್, ಒಟ್ಟು ನಾಲ್ಕೇ. ಮಧ್ಯಮ ದಪ್ಪ ಬೇಕು, ತೆಳು ಬೇಕು ಎನ್ನುವ ವಿನ್ಯಾಸಕ್ಕೆ ಇದು ಸಾಲದು. ಪಠ್ಯಪುಸ್ತಕಕ್ಕೆ ನಾಲ್ಕು ಸಾಕು. ಪರವಾನಗಿ ಮುಕ್ತ, ಅಚ್ಚಿಗೂ ಜಾಲಕ್ಕೂ ಮಾರಾಟದ ಪುಸ್ತಕಕ್ಕೂ ಕಾಸಿಲ್ಲ.

ನೋಟೊ ಸೆರಿಫ್, ಸೋರ್ಸ್ ಸೆರಿಫ್

ಕನ್ನಡವೂ ಸಿರಿಲಿಕ್ಕೂ ಒಂದೇ ಪುಟದಲ್ಲಿ ಒಂದೇ ಮನೆಯವರ ಹಾಗೆ ಕಾಣಬೇಕೆಂದರೆ ನೋಟೊ ನೋಡಿ. ನೋಟೊ ಸೆರಿಫ್ ಕನ್ನಡ ಎಂಬ ಫಾಂಟೂ ಇದೆ, ನೋಟೊ ಸೆರಿಫ್‌ನಲ್ಲಿ ಸಿರಿಲಿಕ್ ಇದೆ, ಸಿರಿಲಿಕ್ಕಿಗೆ ನಿಜವಾದ ಇಟಾಲಿಕ್ ಇದೆ. ತೆಳುವಿನಿಂದ ಅತಿ ದಪ್ಪದವರೆಗೆ ತೂಕಗಳೂ ಹಲವು. ಭಾಷೆಗಳ ವ್ಯಾಪ್ತಿಯಂತೂ ಬಹಳ. ಆದರೆ ಪುಟದ ಮೇಲೆ ಅದಕ್ಕೆ ಹೇಳಿಕೊಳ್ಳುವಂಥ ಸ್ವಭಾವ ಇಲ್ಲ, ಎಲ್ಲ ಕಡೆ ಸಲ್ಲುವ ಸಭ್ಯ ಅಕ್ಷರ. ಕಾದಂಬರಿ ಮಾಡುವಾಗ ನನಗೆ ಅದು ಒಣಗಿದಂತೆ ತೋರುತ್ತದೆ, ನಿಘಂಟು ಮಾಡುವಾಗ ಅದೇ ಗುಣ ಅನುಕೂಲ.

ಸೋರ್ಸ್ ಸೆರಿಫ್ ಅಡೋಬಿಯವರು ಮುಕ್ತವಾಗಿ ಕೊಟ್ಟದ್ದು, ಫ್ರಾಂಕ್ ಗ್ರೀಸ್‌ಹ್ಯಾಮರ್ ಬರೆದದ್ದು. ಇದರ 4ನೆಯ ಆವೃತ್ತಿಯಲ್ಲಿ ಅಕ್ಷರದ ಅಳತೆಗೆ ತಕ್ಕಂತೆ ಬೇರೆ ಬೇರೆ ರೂಪಗಳಿವೆ. ಅಡಿಟಿಪ್ಪಣಿಗೆ ಗಟ್ಟಿಯಾದದ್ದು, ಶೀರ್ಷಿಕೆಗೆ ನವಿರಾದದ್ದು. 8 ಪಾಯಿಂಟಿನ ಟಿಪ್ಪಣಿಯಲ್ಲಿ ಸಿರಿಲಿಕ್ ಇಟಾಲಿಕ್ ಹಾಕುವವರಿಗೆ ಇದು ದೊಡ್ಡ ಅನುಕೂಲ. ಏಕೆಂದರೆ ಆ ಅಳತೆಯಲ್ಲಿ и, п, ш, т ಎಲ್ಲವೂ ಸಾಲುಸಾಲು ಕಾಲುಗಳಾಗಿ ಕೂಡಿಕೊಳ್ಳುತ್ತವೆ. ನಡುವಿನ ಖಾಲಿ ಜಾಗ ಸಾಕಷ್ಟು ಬಿಟ್ಟ ಅಕ್ಷರವಾದರೆ ಮಾತ್ರ ಎಣಿಸದೆ ಓದಬಹುದು.

ಸಾಹಿತ್ಯದ ಪುಟಕ್ಕೆ

ಕವಿತೆ, ಕಥೆ, ಹಳೆಯ ಗ್ರಂಥದ ಘನತೆ ಬೇಕಾದ ಕಡೆ ಇಬಿ ಗ್ಯಾರಮಂಡ್ ಚೆಲುವಾದ ಆಯ್ಕೆ. ಸಿರಿಲಿಕ್ ಇಟಾಲಿಕ್ಕೂ ಚೆನ್ನ, ಖರ್ಚಿಲ್ಲ. ಅಕ್ಷರ ಚಿಕ್ಕದಾಗಿ ಕಾಣುವುದರಿಂದ ಪಿಟಿ ಸೆರಿಫ್‌ಗಿಂತ ಒಂದು ಒಂದೂವರೆ ಪಾಯಿಂಟ್ ಹೆಚ್ಚು ಇಡಬೇಕಾಗುತ್ತದೆ, ಪುಟಗಳ ಲೆಕ್ಕ ಹಾಕುವಾಗ ಇದು ನೆನಪಿರಲಿ. ಕಾರ್ಮೊರಂಟ್ ಇನ್ನೂ ನಾಜೂಕು, ಶೀರ್ಷಿಕೆಗೆ ಮಾತ್ರ. ನಮ್ಮ ಸಾಧಾರಣ ಆಫ್‌ಸೆಟ್ ಕಾಗದದ ಮೇಲೆ 11 ಪಾಯಿಂಟಿನಲ್ಲಿ ಅದರ ತೆಳು ಗೆರೆಗಳು ಹಾರಿಹೋಗುತ್ತವೆ.

ದುಡ್ಡು ಕೊಟ್ಟು ಕೊಳ್ಳುವುದಾದರೆ ಒಂದು ಎಚ್ಚರ. ಹೆಸರು ನೋಡಿ ಸಿರಿಲಿಕ್ ಇದೆ ಎಂದುಕೊಳ್ಳಬೇಡಿ. ಅಡೋಬಿ ಗ್ಯಾರಮಂಡ್ ಪ್ರೊದಲ್ಲಿ ಸಿರಿಲಿಕ್ ಇಲ್ಲ, ಗ್ಯಾರಮಂಡ್ ಪ್ರೀಮಿಯರ್ ಪ್ರೊದಲ್ಲಿ ಇದೆ. ಎರಡೂ ಒಂದೇ ಕಂಪನಿಯವು, ಎರಡರ ಹೆಸರಲ್ಲೂ ಪ್ರೊ ಇದೆ. ರಾಬರ್ಟ್ ಸ್ಲಿಂಬಾಕ್ ಬರೆದ ಮಿನಿಯನ್ ಪ್ರೊದಲ್ಲೂ ಸಿರಿಲಿಕ್ ಇದೆ, ದೀರ್ಘ ಪಠ್ಯಕ್ಕೆ ನನಗೆ ಬಹಳ ಇಷ್ಟವಾದದ್ದು. ಬೇರೆ ಕಂಪನಿಗಳಲ್ಲಿ ಲ್ಯಾಟಿನ್ ಮಾತ್ರ ಇರುವ ಪ್ಯಾಕ್ ಒಂದು ಬೆಲೆಗೆ, ಸಿರಿಲಿಕ್ ಸೇರಿದ್ದು ಇನ್ನೊಂದು ಬೆಲೆಗೆ ಮಾರುವುದುಂಟು. ಕೊಳ್ಳುವ ಮೊದಲು ಅವರ ಪುಟದ ಪರೀಕ್ಷಾ ಪೆಟ್ಟಿಗೆಯಲ್ಲಿ ನಮ್ಮ ಎರಡು ಪದಗಳನ್ನು ಅಂಟಿಸಿ, ಇಟಾಲಿಕ್ ಆರಿಸಿ ನೋಡಿ. ಮುಕ್ತ ಫಾಂಟುಗಳು ಇಷ್ಟು ಚೆನ್ನಾಗಿರುವಾಗ, ಕನ್ನಡ ಪುಸ್ತಕದಲ್ಲಿ ಅಲ್ಲಲ್ಲಿ ಬರುವ ರಷ್ಯನ್ನಿಗೆ ದುಡ್ಡು ಸುರಿಯುವ ಅಗತ್ಯ ನನಗೆ ಕಾಣುವುದಿಲ್ಲ. ಇಡೀ ಪುಸ್ತಕವೇ ರಷ್ಯನ್ನಿನಲ್ಲಿದ್ದರೆ ಆ ಮಾತು ಬೇರೆ.

ಒತ್ತಿನ ಗುರುತೇ ಮುಖ್ಯವಾದರೆ, ಭಾಷಾಶಾಸ್ತ್ರದ ಪುಸ್ತಕವಾದರೆ ಎಸ್‌ಐಎಲ್ ಸಂಸ್ಥೆಯ ಚಾರಿಸ್ ಅಥವಾ ಜೆಂಟಿಯಮ್. ಬರಹ ಕಡಿಮೆ ಇರುವ ಭಾಷೆಗಳಿಗೆಂದೇ ಮಾಡಿದ್ದರಿಂದ ಯಾವ ಅಕ್ಷರದ ಮೇಲೆ ಯಾವ ಗುರುತು ಇಟ್ಟರೂ ಜಾಗದಲ್ಲೇ ಕೂರುತ್ತದೆ. ಸಿರಿಲಿಕ್ಕಿನ ವ್ಯಾಪ್ತಿಯೂ ದೊಡ್ಡದು. ಇವೂ ಉಚಿತ. ಚಾರಿಸ್ ಅಗಲ, ಗಟ್ಟಿ. ಜೆಂಟಿಯಮ್ ತುಸು ಲಾಲಿತ್ಯದ್ದು.

ಆ ಕೈಪಿಡಿಯಲ್ಲಿ ಏನಾಗಿತ್ತು

ಪ್ರೂಫ್ ಹಿಡಿದುಕೊಂಡು ಮತ್ತೆ ಕೂತಾಗ ತಪ್ಪುಗಳು ಮೂರು ಎಂದು ತಿಳಿಯಿತು.

ಮೊದಲನೆಯದು, ನಾನು ಪಿಟಿ ಸೆರಿಫ್‌ನ ನೇರ ಮತ್ತು ದಪ್ಪ ಫೈಲ್‌ಗಳನ್ನು ಮಾತ್ರ ಹಾಕಿಕೊಂಡಿದ್ದೆ. ಇಟಾಲಿಕ್ ಫೈಲ್ ಇರಲಿಲ್ಲ. ಹಸ್ತಪ್ರತಿ ವರ್ಡ್‌ನಲ್ಲಿತ್ತು, ವರ್ಡ್ ಕೇಳದೇ ನೇರ ಅಕ್ಷರವನ್ನು ವಾಲಿಸಿ ಕೊಟ್ಟಿತು. ಇನ್‌ಡಿಸೈನ್ ಆದರೆ ಹಾಗೆ ಮಾಡುವುದಿಲ್ಲ, ಇಟಾಲಿಕ್ ಫೈಲ್ ಇಲ್ಲವೆಂದು ಎದುರಿಗೇ ತೋರಿಸುತ್ತದೆ. ಅಂದರೆ ಫಾಂಟ್ ಸರಿ ಇತ್ತು, ಅದರ ಅರ್ಧ ಭಾಗ ನನ್ನಲ್ಲಿರಲಿಲ್ಲ. ಇಟಾಲಿಕ್ ಫೈಲ್ ಹಾಕಿಕೊಂಡ ತಕ್ಷಣ температура ಸಾಲು ತಾನಾಗಿ ತಿರುಗಿತು.

ಎರಡನೆಯದು ಹಾಗೆ ತಿರುಗಿದ ಮೇಲೆ ಬೆಳಕಿಗೆ ಬಂತು. ಕೆಲವು ಪದಗಳನ್ನು ಟೈಪ್ ಮಾಡಿದವರು ಹಳೆಯ ರಷ್ಯನ್ ಪುಸ್ತಕದ ಇಟಾಲಿಕ್ ಸಾಲು ನೋಡಿ, ಕಂಡದ್ದನ್ನು ಕಂಡಂತೆ ಇಂಗ್ಲಿಷ್ ಕೀಲಿಯಿಂದಲೇ ಹೊಡೆದಿದ್ದರು. тот ಎಂದರೆ 'ಆ'. ಇಟಾಲಿಕ್‌ನಲ್ಲಿ ಅದು mom ಹಾಗೆ ಕಾಣುತ್ತದೆ, ಅವರು mom ಎಂದೇ ಹೊಡೆದಿದ್ದರು. ಇಟಾಲಿಕ್‌ನಲ್ಲಿ ಇರುವಷ್ಟು ಹೊತ್ತು ಯಾರಿಗೂ ಗೊತ್ತಾಗುವುದಿಲ್ಲ. ಕಂಡುಹಿಡಿಯುವ ದಾರಿ ಸುಲಭ: ಇಡೀ ಪಠ್ಯವನ್ನು ಒಮ್ಮೆ ನೇರ ಅಕ್ಷರಕ್ಕೆ ತಿರುಗಿಸಿ ಓದಿ. ನಿಜವಾದ т ಆಗಿದ್ದರೆ ಅಡ್ಡಗೆರೆಯ т ಆಗಿ ನಿಲ್ಲುತ್ತದೆ, ಲ್ಯಾಟಿನ್ m ಆಗಿದ್ದರೆ m ಆಗಿಯೇ ಉಳಿಯುತ್ತದೆ. а, е, о, р, с, у, х ಗಳು ಮಾತ್ರ ನೇರದಲ್ಲೂ ಲ್ಯಾಟಿನ್ ತದ್ರೂಪಿಗಳು. ಅವನ್ನು ಕಣ್ಣಿನಿಂದ ಹಿಡಿಯಲಾಗದು, ಹುಡುಕು ಪೆಟ್ಟಿಗೆಯಲ್ಲಿ ಲ್ಯಾಟಿನ್ ಅಕ್ಷರ ಹಾಕಿ ಹುಡುಕಬೇಕು. ಒತ್ತಿನ ಗುರುತು ಬೇಕೆಂದು á, ó ಎಂಬ ಸಿದ್ಧ ಲ್ಯಾಟಿನ್ ಅಕ್ಷರ ಸೇರಿಸಿದವೂ ಹೀಗೇ ಸಿಕ್ಕವು.

ಮೂರನೆಯದು ಒತ್ತಿನ ಗುರುತು. ಶೀರ್ಷಿಕೆಗೆಂದು ಆರಿಸಿದ್ದ ಬೇರೊಂದು ಅಲಂಕಾರದ ಫಾಂಟಿನಲ್ಲಿ ы́ ಮೇಲಿನ ಗುರುತು ಬಲಗಾಲಿನಾಚೆ ಹೋಗಿತ್ತು. ಆ ಫಾಂಟನ್ನೇ ಬಿಟ್ಟು ಪಿಟಿ ಸೆರಿಫ್‌ನ ದಪ್ಪ ಅಕ್ಷರ ಹಾಕಿದೆವು.

ನಡುವೆ ಒಂದು ಮಾತು. ನಿಮ್ಮ ಕನ್ನಡ ಇನ್ನೂ ಯೂನಿಕೋಡ್ ಅಲ್ಲದ ಹಳೆಯ ನುಡಿ ಅಕ್ಷರಗಳಲ್ಲಿದ್ದು ಪೇಜ್‌ಮೇಕರ್‌ನಲ್ಲಿ ಪುಟ ಮಾಡುತ್ತಿದ್ದರೆ ಮೇಲಿನ ಯಾವುದೂ ನಡೆಯುವುದಿಲ್ಲ. ಪೇಜ್‌ಮೇಕರ್‌ಗೆ ಯೂನಿಕೋಡ್ ಗೊತ್ತಿಲ್ಲ. ಸಿರಿಲಿಕ್ ಅಂಟಿಸಿದರೆ ಪ್ರಶ್ನೆಚಿಹ್ನೆಗಳ ಸಾಲು ಬರುತ್ತದೆ. ಮೊದಲು ಕನ್ನಡವನ್ನು ಯೂನಿಕೋಡಿಗೆ ಬದಲಿಸಿಕೊಂಡು ಆಮೇಲೆ ಫಾಂಟ್ ಹುಡುಕಿ.

ಜಾಲತಾಣಕ್ಕೆ ಹಾಕುವವರು

ಇಲ್ಲಿ ನನ್ನ ಮೊದಲ ತಪ್ಪೇ ಇನ್ನೊಂದು ವೇಷದಲ್ಲಿ ಬರುತ್ತದೆ. ಗೂಗಲ್ ಫಾಂಟ್ಸ್‌ನಿಂದ ಕೊಂಡಿ ತರುವಾಗ ಇಟಾಲಿಕ್ಕನ್ನು ಬೇಕೆಂದು ಕೇಳದಿದ್ದರೆ ಬ್ರೌಸರ್ ನೇರ ಅಕ್ಷರವನ್ನು ವಾಲಿಸಿ ತೋರಿಸುತ್ತದೆ. ಕೊಂಡಿಯಲ್ಲಿ `ital` ಮತ್ತು 1ರಿಂದ ಶುರುವಾಗುವ ಜೋಡಿಗಳು ಇರಬೇಕು:

```
https://fonts.googleapis.com/css2?family=PT+Serif:ital,wght@0,400;0,700;1,400;1,700
```

ಬ್ರೌಸರಿನ ಈ ಉಪಕಾರವನ್ನು ನಿಲ್ಲಿಸುವುದು ಒಳ್ಳೆಯದು. ಆಗ ಇಟಾಲಿಕ್ ಇಲ್ಲದ ಕಡೆ ಅಕ್ಷರ ನೇರವಾಗಿಯೇ ನಿಂತು, ಏನೋ ಬಿಟ್ಟುಹೋಗಿದೆ ಎಂದು ನಿಮಗೇ ಗೊತ್ತಾಗುತ್ತದೆ.

```css
:lang(ru), :lang(ky) {
  font-family: "PT Serif", serif;
  font-synthesis: none;
}
```

ರಷ್ಯನ್ ಭಾಗಕ್ಕೆ `lang="ru"`, ಕಿರ್ಗಿಜ್‌ಗೆ `lang="ky"` ಎಂದು ಗುರುತು ಹಾಕಿದ್ದರೆ ಮಾತ್ರ ಇದು ಕೆಲಸ ಮಾಡುತ್ತದೆ.

ಸರ್ಬಿಯಾ, ಬಲ್ಗೇರಿಯಾ ಆದರೆ

ಬಾಕಿ ಇಟ್ಟಿದ್ದ ನಾಲ್ಕನೆಯ ಅಳತೆ ಇದು. ಬೆಳಗಾವಿ ಕಡೆಯವರಿಗೆ ಗೊತ್ತು, ಹಿಂದಿಯ ಪುಸ್ತಕದ ಲ, ಶ ಒಂದು ಬಗೆ, ಮರಾಠಿಯ ಲ, ಶ ಇನ್ನೊಂದು ಬಗೆ. ಕಂಪ್ಯೂಟರಿನ ಸಂಕೇತ ಮಾತ್ರ ಒಂದೇ. ಸಿರಿಲಿಕ್‌ನಲ್ಲೂ ಹಾಗೆಯೇ. ಸರ್ಬಿಯನ್ ಇಟಾಲಿಕ್‌ನಲ್ಲಿ т ಎಂದರೆ m ಅಲ್ಲ, ಮೇಲೆ ಗೆರೆ ಹೊತ್ತ ш. п ಎಂದರೆ ಮೇಲೆ ಗೆರೆ ಇರುವ u. г ಎಂದರೆ ಚುಕ್ಕೆಯ ಬದಲು ಗೆರೆ ಇರುವ i. д ಎಂದರೆ g. б ನೇರದಲ್ಲೂ ಬೇರೆ. ಸರ್ಬಿಯನ್ ಓದುಗರ ಮುಂದೆ ರಷ್ಯನ್ ಇಟಾಲಿಕ್ ಇಟ್ಟರೆ ಓದುತ್ತಾರೆ, ಆದರೆ ಪರದೇಶದ ಅಚ್ಚು ಎಂದು ತಕ್ಷಣ ಗುರುತಿಸುತ್ತಾರೆ.

ಬಲ್ಗೇರಿಯಾದಲ್ಲಿ ವ್ಯತ್ಯಾಸ ನೇರ ಅಕ್ಷರಕ್ಕೇ ಬಂದಿದೆ. ಅಲ್ಲಿನ ವಿನ್ಯಾಸಕರು ಕೈಬರಹದ ರೂಪಗಳನ್ನು ನೇರದಲ್ಲೂ ಬಳಸುತ್ತಾರೆ: и ಎಂಬುದು u, п ಎಂಬುದು n, к ಮತ್ತು в ಮೇಲಕ್ಕೆ ಚಾಚುತ್ತವೆ. ಅಲ್ಲಿಯೂ ರಷ್ಯನ್ ಮಾದರಿಯ ಅಚ್ಚು ಸಾಕಷ್ಟು ಚಾಲ್ತಿಯಲ್ಲಿದೆ, ಆದ್ದರಿಂದ ಯಾವುದು ಬೇಕೆಂದು ಪುಸ್ತಕ ಮಾಡಿಸುವವರನ್ನೇ ಕೇಳಬೇಕು.

ಎರಡು ಸಂಗತಿ ಕೂಡಿದಾಗ ಮಾತ್ರ ಈ ರೂಪಗಳು ಬರುತ್ತವೆ. ಫಾಂಟಿನ ಒಳಗೆ ಅವು ಇರಬೇಕು, ಆ ಗುಣದ ಹೆಸರು `locl`. ಪಠ್ಯಕ್ಕೆ `lang="sr"`, `lang="mk"` ಅಥವಾ `lang="bg"` ಎಂಬ ಗುರುತು ಇರಬೇಕು. ಲಿನಕ್ಸ್ ಬಳಸುವವರ ಬಳಿ ಆಗಲೇ ಇರುವ ಡೆಜಾವು, ಪುಸ್ತಕಕ್ಕೆ ಒಗ್ಗುವ ಲಿನಕ್ಸ್ ಲಿಬರ್ಟೈನ್ ಇವೆರಡರಲ್ಲೂ ಸರ್ಬಿಯನ್ ರೂಪಗಳಿವೆ. ಬೇರೆ ಯಾವುದನ್ನೇ ಆರಿಸಿದರೂ ಈ ಎರಡು ಸಾಲು ಬ್ರೌಸರಿನಲ್ಲಿ ತೆರೆಯಿರಿ:

```html
<em lang="ru">бгдпт</em>
<em lang="sr">бгдпт</em>
```

ಎರಡೂ ಸಾಲು ಒಂದೇ ಥರ ಕಂಡರೆ ಆ ಫಾಂಟ್ ಬೆಲ್‌ಗ್ರೇಡಿನ ಓದುಗರಿಗಲ್ಲ, ಅದನ್ನು ರಷ್ಯನ್ ಪುಟಕ್ಕೆ ಇಟ್ಟುಕೊಳ್ಳಿ.

ನನ್ನ ಕೈಪಿಡಿ ಕೊನೆಗೆ ಹೋದದ್ದು ಪಿಟಿ ಸೆರಿಫ್‌ನಲ್ಲೇ, ನಾಲ್ಕೂ ಫೈಲ್ ಸೇರಿಸಿಕೊಂಡು. ಅದೇ ಕೆಲಸ ಕಝಕ್‌ಸ್ತಾನಕ್ಕೆ ಹೋಗುವವರಿಗೆ ಮಾಡಬೇಕಾಗಿದ್ದರೆ қ, ұ ಇಟಾಲಿಕ್‌ನಲ್ಲಿ ಹೇಗಿವೆ ಎಂದು ನೋಡಿಕೊಂಡು ನೋಟೊ ಸೆರಿಫ್ ಅಥವಾ ಚಾರಿಸ್ ಹಿಡಿಯುತ್ತಿದ್ದೆ. ಕಥೆಗಳ ಅನುವಾದವಾಗಿದ್ದರೆ ಇಬಿ ಗ್ಯಾರಮಂಡ್. ಎರಡನೆಯ ಪ್ರೂಫನ್ನು ಆ ಡಾಕ್ಟರಿಗೆ ಕಳಿಸಿದಾಗ ಅವರು диагноз ಎಂಬ ಪದದ ಸುತ್ತ ಪೆನ್ಸಿಲಿನಲ್ಲಿ ವೃತ್ತ ಹಾಕಿ, ಪಕ್ಕದಲ್ಲಿ ಅದನ್ನೇ ತಮ್ಮ ಕೈಬರಹದಲ್ಲಿ ಬರೆದು ಕಳಿಸಿದರು. ಎರಡೂ ಒಂದೇ ಥರ ಇದ್ದವು. ಆ ಜೋಡಿಯನ್ನೇ ಕೈಪಿಡಿಯ 3ನೆಯ ಪುಟದಲ್ಲಿ ಅಚ್ಚು ಮಾಡಿದ್ದೇವೆ, ಅಚ್ಚಿನ ಇಟಾಲಿಕ್ ಎಡಕ್ಕೆ, ಕೈಬರಹ ಬಲಕ್ಕೆ.